[ಪದಚರ್ಚೆ] ‘ಇನ್‌ಗ್ರೆಸ್ ಫಿಲ್ಟರಿಂಗ್’ಗೆ ಕನ್ನಡ ಬೇಕು, ನಾಳೆ ಸಂಜೆ ಪ್ರಿಂಟ್

ಸುಮಾ:
ಎಲ್ಲರಿಗೂ ನಮಸ್ಕಾರ. ಸಣ್ಣ ಊರುಗಳಲ್ಲಿ ಇಂಟರ್ನೆಟ್ ಕೊಡೋ ಆಪರೇಟರ್‌ಗಳ ತರಬೇತಿಗೆ ನಾಲ್ಕು ಪುಟದ ಕೈಪಿಡಿ ಅನುವಾದ ಮಾಡ್ತಿದೀನಿ. ಸೋರ್ಸ್ ಅಡ್ರೆಸ್ ಸ್ಪೂಫ್ ಮಾಡಿರೋ, ಅಂದ್ರೆ ಕಳಿಸಿದವರ ವಿಳಾಸ ಸುಳ್ಳು ಬರೆದಿರೋ ಪ್ಯಾಕೆಟ್‌ಗಳನ್ನ ನೆಟ್‌ವರ್ಕ್ ಅಂಚಿನಲ್ಲೇ ನಿಲ್ಲಿಸೋ ‘ಇನ್‌ಗ್ರೆಸ್ ಫಿಲ್ಟರಿಂಗ್’ ಅನ್ನೋ ಭಾಗ. ನಾನು ಬರೆದಿರೋದು: “ಒಳಬರುವ ನಕಲಿ ಮೂಲವಿಳಾಸಗಳ ಸೋಸುವಿಕೆ”. ಓದಿದ್ರೆ ನನಗೇ ಅರ್ಥ ಆಗ್ತಿಲ್ಲ. ಬೇಗ ಹೇಳಿ, ನಾಳೆ ಸಂಜೆ ಪ್ರೆಸ್‌ನವರು ಫೈಲ್ ಕೇಳಿದಾರೆ.

ವಾಸುದೇವ:
‘ನಕಲಿ’ ಯಾಕೆ? ನಮ್ಮದೇ ‘ಹುಸಿ’ ಇದೆ. ಹಳಗನ್ನಡದ ಪುಸಿ, ಪಕಾರ ಹಕಾರ ಆಗಿ ಹುಸಿ. ನಕಲು ಅಂದ್ರೆ ಕಾಪಿ, ಅರಬ್ಬಿಯಿಂದ ಬಂದದ್ದು. ‘ಮೂಲ’ ಸಂಸ್ಕೃತ. ‘ವಿಳಾಸ’ವೂ ವಿಲಾಸವೇ, ಮಲಯಾಳಿಗಳು ಇವತ್ತಿಗೂ ವಿಲಾಸಂ ಅಂತಲೇ ಅಂತಾರೆ. ಒಂದು ಸಾಲಲ್ಲಿ ಮೂರು ಎರವಲು.

ಶ್ರೀಧರ:
ಇದು ಮೇಲ್‌ನಲ್ಲಿ ಬ್ಯಾಂಕ್ ಹೆಸರು ಹಾಕಿ ಕಳಿಸ್ತಾರಲ್ಲ ಅದೇ ತಾನೆ? ನನಗೆ ಹೋದ ವಾರ ಮೂರು ಬಂತು. ‘ಸೋಗು ಮೇಲ್’ ಅಂತ ಇಡಿ.

ಗಿರೀಶ:
ಶ್ರೀಧರ್ ಸರ್, ಮೇಲ್ ಅಲ್ಲ, ಅದಕ್ಕಿಂತ ಕೆಳಗಿನ ಪದರ, ಒಂದೊಂದು ಪ್ಯಾಕೆಟ್ ಮೇಲೂ ಇರೋ ‘ಇಂದ’ ವಿಳಾಸ. ಶಾಲೆಯಲ್ಲಿ ಪತ್ರಲೇಖನ ಕಲಿಸುವಾಗ ಎಡಗಡೆ ‘ಇಂದ,’ ಕೆಳಗೆ ‘ಗೆ,’ ಅಂತ ಬರೆಸ್ತಿದ್ರಲ್ಲ, ಆ ‘ಇಂದ’ದಲ್ಲಿ ಬೇರೆಯವರ ಮನೆ ಬರೆದು ಅಂಚೆಗೆ ಹಾಕಿದ ಹಾಗೆ. ಅಂಚೆಯವನು ‘ಗೆ’ ಮಾತ್ರ ನೋಡ್ತಾನೆ, ರೂಟರೂ ಅಷ್ಟೆ.

ಸುಮಾ ಅವರೆ, ನಿಮ್ಮ ನಿಜವಾದ ತಪ್ಪು ‘ಒಳಬರುವ’. ಇನ್‌ಗ್ರೆಸ್ ಅಂದ್ರೆ ಯಾರ ಒಳಗೆ? ಗ್ರಾಹಕನ ವೈರಿಂದ ಪ್ರೊವೈಡರ್ ಒಳಗೆ. ನಿಮ್ಮ ವಾಕ್ಯ ಓದಿದ ಆಪರೇಟರ್ ಹೊರಗಿನ ಇಂಟರ್ನೆಟ್‌ನಿಂದ ಬರೋದನ್ನ ಸೋಸಬೇಕು ಅಂತ ತಿಳ್ಕೊಂಡು ತಪ್ಪು ಪೋರ್ಟ್‌ಗೆ ಹಾಕ್ತಾನೆ. ಅಲ್ಲಿ ಹಾಕಿದ್ರೆ ಪ್ರಯೋಜನ ಇಲ್ಲ, ಹೊರಗಿನಿಂದ ಯಾವ ವಿಳಾಸ ಬೇಕಾದ್ರೂ ನ್ಯಾಯವಾಗೇ ಬರಬಹುದು, ತಡೆಯೋಕಾಗೋದು ಹೆಚ್ಚಂದ್ರೆ ನಿಮ್ಮದೇ ವಿಳಾಸ ಹೊತ್ತು ಹೊರಗಿಂದ ಬಂದದ್ದನ್ನ.

ನಾಗರಾಜ್:
ಸರಿ ಆದ್ರೆ ಪ್ರೊವೈಡರ್‌ಗಳು ಇದನ್ನ ಹಾಕೋದೇ ತಮ್ಮ ಮೇಲೆ ದಾಳಿ ಆಗದೇ ಇರಲಿ ಅಂತ ತಾನೆ? ಹಾಗಾದ್ರೆ ‘ದಾಳಿತಡೆ’ ಅಂದ್ರೆ ಆಯ್ತು, ಇಷ್ಟು ಗೋಜಲು ಯಾಕೆ.

ಗಿರೀಶ:
ಅರ್ಧ ಸರಿ ನಾಗರಾಜ್. ಹಾಕೋನು ಇವನು, ಉಳಿಯೋದು ಬೇರೆಯವನು. ಒಂದು ಲೆಕ್ಕ ನೋಡಿ. ಗ್ರಾಹಕನಿಗೆ 203.0.113.16/29 ಕೊಟ್ಟಿದೀರಿ, ಅಂದ್ರೆ 16ರಿಂದ 23ರವರೆಗೆ. ಅವನ ಅಂಗಡಿಯ ಕ್ಯಾಮೆರಾ ರೆಕಾರ್ಡರ್‌ಗೆ ಮಾಲ್‌ವೇರ್ ಹತ್ತಿದೆ. ಅದು ಎಲ್ಲೋ ಬಾಗಿಲು ತೆರೆದುಕೊಂಡಿರೋ ಡಿಎನ್‌ಎಸ್ ಸರ್ವರ್‌ಗೆ 60 ಬೈಟಿನ ಪ್ರಶ್ನೆ ಕಳಿಸುತ್ತೆ, ‘ಇಂದ’ ಜಾಗದಲ್ಲಿ 198.51.100.7 ಅಂತ ಬರೆದು. ಸರ್ವರ್ ಪಾಪ 3000 ಬೈಟಿನ ಉತ್ತರವನ್ನ 198.51.100.7ಗೆ ಕಳಿಸುತ್ತೆ. ಒಂದಕ್ಕೆ ಐವತ್ತು, ಕೇಳದೇ ಇದ್ದವನ ತಲೆ ಮೇಲೆ. 2018ರ ಫೆಬ್ರವರಿಯಲ್ಲಿ ಗಿಟ್‌ಹಬ್ ಮೇಲೆ ಸೆಕೆಂಡಿಗೆ 1.35 ಟೆರಾಬಿಟ್ ಸುರಿದದ್ದು ಇದೇ ಉಪಾಯದಿಂದ, ಅಲ್ಲಿ ಡಿಎನ್‌ಎಸ್ ಬದಲು ಮೆಮ್‌ಕ್ಯಾಶ್ಡ್ ಸರ್ವರ್‌ಗಳು. ಗ್ರಾಹಕನ ಪೋರ್ಟ್‌ನಲ್ಲಿ “16ರಿಂದ 23 ಬಿಟ್ಟು ಬೇರೆ ‘ಇಂದ’ ಇದ್ರೆ ಬಿಸಾಕು” ಅಂತ ಒಂದು ಸಾಲು ಇದ್ದಿದ್ರೆ ಮೊದಲ 60 ಬೈಟೇ ಹೊರಗೆ ಹೋಗ್ತಿರಲಿಲ್ಲ. ಸಂತ್ರಸ್ತನ ಹತ್ತಿರ ಆ ವಿದ್ಯೆ ಇಲ್ಲ, ಅವನಿಗೆ ಬರೋದು ನಿಜವಾದ ಸರ್ವರ್‌ಗಳ ನಿಜವಾದ ವಿಳಾಸದಿಂದ.

ಮತ್ತೆ ಯಾಕೆ ಹಾಕ್ತಾರೆ ಅಂದ್ರೆ, ಪುಣ್ಯಕ್ಕಲ್ಲ. ಆ ಕಸ ಅವರಿಗೆ ಇಂಟರ್ನೆಟ್ ಕೊಡೋ ದೊಡ್ಡ ಕಂಪನಿಯ ಕಡೆಗಿರೋ ಅಪ್‌ಸ್ಟ್ರೀಮ್ ಲಿಂಕನ್ನೂ ತಿನ್ನುತ್ತೆ. ಅಪ್‌ಸ್ಟ್ರೀಮ್‌ನವರು ಬೈತಾರೆ. ಮತ್ತೆ ದೂರು ಬಂದಾಗ ವಿಳಾಸ ನೋಡಿ ಇಂಥ ಗ್ರಾಹಕನೇ ಅಂತ ಹೇಳೋಕೆ ಆಗಬೇಕಲ್ಲ. ಹಾಕದೇ ಇರೋರೂ ಇದಾರೆ, ಖರ್ಚು ತನ್ನದು ಲಾಭ ಊರಿಂದು ಅಂತ. ಇದನ್ನ ಹಾಕಿ ಅನ್ನೋ ಬಿಸಿಪಿ 38 ಶಿಫಾರಸು 2000ನೇ ಇಸವಿಯದು, ಇನ್ನೂ ಎಲ್ಲರೂ ಹಾಕಿಲ್ಲ.

ವಾಸುದೇವ:
ಪದಕ್ಕೆ ಬರೋಣ.

ಪದ್ಮಿನಿ:
ಪದಕ್ಕೇ ಬರ್ತೀನಿ. ‘ಸೋಸುವಿಕೆ’ ಬೇಡವೇ ಬೇಡ. ಕಾಫಿ ಸೋಸ್ತೀವಿ, ಚರಟ ಸೋಸಲ್ಲ. ಕನ್ನಡದಲ್ಲಿ ಸೋಸು ಅನ್ನೋದರ ಕರ್ಮ ಉಳಿಸಿಕೊಳ್ಳೋ ವಸ್ತು. ‘ಹುಸಿ ವಿಳಾಸಗಳ ಸೋಸುವಿಕೆ’ ಅಂದ್ರೆ ಹುಸಿ ವಿಳಾಸ ಲೋಟಕ್ಕೆ, ಒಳ್ಳೇದು ತಿಪ್ಪೆಗೆ ಅಂತಾಯ್ತು. ತಡೆ ಅನ್ನಿ.

ವಾಸುದೇವ:
ಫಿಲ್ಟರ್ ನೀರು ಅಂತ ನೀವೇ ಮನೇಲಿ ಅಂತೀರಿ ಅನ್ಸುತ್ತೆ. ಆದ್ರೂ ತಡೆ ಒಪ್ಪಿದೆ, ಅಚ್ಚ ಕನ್ನಡ.

ಪದ್ಮಿನಿ:
ಅಚ್ಚ ಅಂತ ಅಲ್ಲ ಸ್ವಾಮಿ, ಸರಿ ಅಂತ.

ಮಂಜುನಾಥ್:
ವಿಷಯ ಬಿಟ್ಟು ಹೋಗ್ತಿದೀನಿ ಅಂದ್ಕೊಬೇಡಿ, ಈ ತಡೆಯಿಂದ ನಾನು ಎರಡು ದಿನ ಊಟ ಬಿಟ್ಟಿದೀನಿ. ನಮ್ಮ ಆಫೀಸಿಗೆ ಎರಡು ಲಿಂಕು, ಎರಡು ಬೇರೆ ಕಂಪನಿ, ಹೆಸರು ಬೇಡ. ಮೊದಲನೆಯವರು ಕೊಟ್ಟ ವಿಳಾಸದ ಸರ್ವರ್, ಅದರ ಉತ್ತರ ನಮ್ಮ ರೂಟರ್ ಎರಡನೆಯ ಲಿಂಕಿಂದ ಕಳಿಸ್ತಿತ್ತು. ಹೊರಗಿನವರ ರಿಕ್ವೆಸ್ಟ್ ಸರ್ವರ್‌ಗೆ ಬರೋದು ಕಾಣ್ತಿತ್ತು, ಉತ್ತರ ಹೊರಡೋದೂ ಕಾಣ್ತಿತ್ತು, ಅಲ್ಲಿಗೆ ಸೇರ್ತಾನೇ ಇರಲಿಲ್ಲ. ಟ್ರೇಸ್‌ರೂಟ್ ಹಾಕಿದ್ರೆ ನಮ್ಮ ರೂಟರ್ ದಾಟಿದ ಮೇಲೆ ಬರೀ ನಕ್ಷತ್ರ. ಎರಡನೆಯ ಲಿಂಕಿನದೇ ವಿಳಾಸದಿಂದ ಹಾಕಿದ್ರೆ ಸರಾಗ. ನಾವು ಹುಸಿ ಅಲ್ಲ ರೀ!

ಗಿರೀಶ:
ಅದಕ್ಕೆ ಕಾರಣ ಇದು, ನಿಮ್ಮ ಎರಡನೆಯ ಕಂಪನಿಯವರು ಹಾಕಿರೋದು:

```
ip verify unicast source reachable-via rx
```

ರೂಟರ್ ತನ್ನನ್ನೇ ಕೇಳ್ಕೊಳುತ್ತೆ, ಈ ‘ಇಂದ’ಕ್ಕೆ ನಾನು ಉತ್ತರ ಕಳಿಸೋದಾದ್ರೆ ಇದೇ ಬಾಗಿಲಿಂದ ಕಳಿಸ್ತೀನಾ? ಇಲ್ಲ ಅಂದ್ರೆ ಬಿಸಾಕುತ್ತೆ. ಒಂದೇ ಲಿಂಕಿನ ಗ್ರಾಹಕನಿಗೆ ಚೆನ್ನಾಗಿದೆ, ನಿಮಗಲ್ಲ. ಕೊನೆಯ `rx` ಬದಲು `any` ಹಾಕಿದ್ರೆ ನಿಮಗೆ ಬಿಡುಗಡೆ, ಆದ್ರೆ ಆಗ ದಾರಿ ಗೊತ್ತಿರೋ ಯಾವ ವಿಳಾಸವಾದ್ರೂ ಪಾಸು, ಮೇಲೆ ಹೇಳಿದ 198.51.100.7 ಥರದ್ದೂ. ಸರಿಯಾದ್ದು ಎರಡು: ಅವರ ಪಟ್ಟಿಗೆ ನಿಮ್ಮ ಇನ್ನೊಂದು ವಿಳಾಸವನ್ನೂ ಸೇರಿಸೋದು, ಇಲ್ಲಾ ನೀವೇ ಯಾವ ‘ಇಂದ’ ಯಾವ ಲಿಂಕು ಅಂತ ರೂಟರ್‌ನಲ್ಲಿ ಬೇರೆ ಮಾಡೋದು.

ಮಂಜುನಾಥ್:
ಎರಡನೇದು ಮಾಡಿದ್ವಿ. ಮೊದಲನೇದಕ್ಕೆ ಟಿಕೆಟ್ ಹಾಕಿ ಆರು ತಿಂಗಳಾಯ್ತು.

ಪದ್ಮಿನಿ:
ಸುಮಾ, ಮಂಜುನಾಥ್ ಕಥೆಯಿಂದ ವಾಸುದೇವರ ‘ಹುಸಿ’ಯೂ ಸಡಿಲ ಆಯ್ತು ನೋಡಿ. ರೂಟರ್‌ಗೆ ಹುಸಿ ನಿಜ ಗೊತ್ತಾಗಲ್ಲ, ಈ ಬಾಗಿಲಿಗೆ ಹೊಂದುತ್ತಾ ಇಲ್ವಾ ಅಷ್ಟೇ ಗೊತ್ತು. ‘ಹೊಂದದ’ ಅನ್ನಬಹುದು.

ವಾಸುದೇವ:
ಒಪ್ಪಲ್ಲ. ಉದ್ದೇಶದಿಂದ ಹೆಸರಿಡೋದು. ಬೀಗ ಮನೆಯವನನ್ನೂ ಹೊರಗೆ ನಿಲ್ಲಿಸುತ್ತೆ, ಹಾಗಂತ ಅದಕ್ಕೆ ಕೀ-ಹೊಂದದವರ-ತಡೆ ಅಂತೀವಾ.

ನಾಗರಾಜ್:
ಆಪರೇಟರ್‌ಗಳು ಓದೋದು ಸ್ಕ್ರೀನ್ ಮೇಲೆ ಇಂಗ್ಲಿಷಲ್ಲೇ. ಸೋರ್ಸ್ ಅಡ್ರೆಸ್ ಫಿಲ್ಟರ್ ಅಂತ ಕನ್ನಡ ಲಿಪೀಲಿ ಬರೆದುಬಿಡಿ, ಯಾರಿಗೂ ಗೊಂದಲ ಆಗಲ್ಲ.

ವಾಸುದೇವ:
ಹಾಗಾದ್ರೆ ಈ ಗುಂಪು ಯಾಕೆ, ಮುಚ್ಚಿಬಿಡೋಣ.

ಸುಮಾ:
ಜಗಳ ಸಾಕು, ಪ್ರೆಸ್‌ನವರು ಎರಡು ಸಲ ಫೋನ್ ಮಾಡಿದ್ರು. ಕಳಿಸಿದ್ದು ಹೀಗೆ: ತಲೆಬರಹ “ಗ್ರಾಹಕರ ಪೋರ್ಟ್‌ನಲ್ಲಿ ಹುಸಿ ‘ಇಂದ’ ವಿಳಾಸ ತಡೆ”, ಒಳಗೆ ಮೊದಲ ಸಲ ಬಂದಾಗ ಸೋರ್ಸ್ ಅಡ್ರೆಸ್ ಅಂತಲೂ. ‘ಒಳಬರುವ’ ತೆಗೆದೆ, ‘ಅಂಚು’ ಅಂತಲೂ ಹಾಕಲಿಲ್ಲ, ಯಾವ ಅಂಚು ಅಂತ ಕೇಳ್ತಾರೆ ಅಂತ. ಎರಡು ಲಿಂಕಿನ ಗ್ರಾಹಕರಿಗೆ ಪಟ್ಟಿ ಸರಿಪಡಿಸಿ ಅನ್ನೋ ಒಂದು ಸಾಲು ಸೇರಿಸಿದೀನಿ, ಅದು ಮೂಲದಲ್ಲಿ ಇರಲಿಲ್ಲ.

ವಾಸುದೇವ:
‘ಪೋರ್ಟ್’ ಉಳೀತಲ್ಲ.