ಸಹಾಯ ಬೇಕು: ಅಮೃತಬಳ್ಳಿ ಕಷಾಯ ಕುಡಿದ ಅಮ್ಮನಿಗೆ ಕಾಮಾಲೆ

ಶಿರಸಿಯವರು ಯಾರಾದ್ರೂ ಹೇಳಿ. ಮಳೆಗಾಲದ ಜ್ವರಕ್ಕೆ ಅಮ್ಮ ಅಮೃತಬಳ್ಳಿ ಕಷಾಯ ಶುರು ಮಾಡಿದರು. ಜ್ವರ ನಾಲ್ಕೇ ದಿನಕ್ಕೆ ಬಿಟ್ಟಿತು. ಕಷಾಯ ಮಾತ್ರ ಇಮ್ಯುನಿಟಿಗೆ ಅಂತ ಮೂರು ತಿಂಗಳು ನಡೆಯಿತು. ತೋಟದ ಬಳ್ಳಿ ಅಲ್ವಾ ಅಂತ ನಾನೂ ಸುಮ್ನಿದ್ದೆ.

ಈಗ ಊಟ ಸೇರುತ್ತಿಲ್ಲ, ಕಣ್ಣು, ಮೂತ್ರ ಹಳದಿ. ಲಿವರ್ ಟೆಸ್ಟ್‌ನಲ್ಲಿ ಎಸ್‌ಜಿಪಿಟಿ 640, ತುಂಬಾ ಜಾಸ್ತಿ. ಹೆಪಟೈಟಿಸ್ ವೈರಸ್ ಟೆಸ್ಟ್ ಎಲ್ಲಾ ನೆಗೆಟಿವ್. ಡಾಕ್ಟರ್ ಕಷಾಯ ನಿಲ್ಲಿಸಿ, ಆಟೋಇಮ್ಯೂನ್ ಟೆಸ್ಟ್ ಬರೆದಿದ್ದಾರೆ. ಅಮ್ಮನಿಗೆ ಮೊದಲೇ ಥೈರಾಯ್ಡ್ ಇದೆ. 2021ರಲ್ಲಿ ಮುಂಬೈ ವೈದ್ಯರು ಇಂಥದ್ದೇ ಕೇಸುಗಳನ್ನು ವರದಿ ಮಾಡಿದ್ದರು. ಅದು ಬೇರೆ ಬಳ್ಳಿ ಇರಬಹುದು ಅಂತ ಆಯುಷ್ ಸಚಿವಾಲಯ ಆಗ ವಾದಿಸಿತ್ತು.

ನಮ್ಮ ಬಳ್ಳಿಯ ಕಾಂಡದ ತುಂಬ ಸಣ್ಣ ಸಣ್ಣ ಗಂಟುಗಳಿವೆ. ಇದು ಅಮೃತಬಳ್ಳಿಯೇನಾ, ಅದರ ಜಾತಿಯ ಇನ್ನೊಂದಾ? ಗುರುತಿಸುವವರು ಹತ್ತಿರ ಯಾರಿದ್ದಾರೆ? ನಿಲ್ಲಿಸಿದ ಮೇಲೆ ನಿಮ್ಮವರ ರಿಪೋರ್ಟ್ ಎಷ್ಟು ವಾರಕ್ಕೆ ಇಳಿಯಿತು? ಬೇರೆ ಕಷಾಯ ಮಾತ್ರ ಹೇಳಬೇಡಿ, ಪ್ಲೀಸ್.