ಉಪ್ಪಿನಕಾಯಿ ಬಾಟಲಿಯ ಅಸಲು ಎಷ್ಟು ಅಂತ ಹೇಗೆ ಲೆಕ್ಕ ಹಾಕೋದು?

ಪ್ರಶ್ನೆ: ಮನೆಯಲ್ಲೇ ನಿಂಬೆ ಉಪ್ಪಿನಕಾಯಿ ಮಾಡಿ 300 ಗ್ರಾಂ ಬಾಟಲಿಯಲ್ಲಿ ಮಾರುತ್ತೇನೆ. 10 ಕೆಜಿ ಹಣ್ಣಿಗೆ ಉಪ್ಪು, ಖಾರ, ಎಣ್ಣೆ ಸೇರಿ 12.4 ಕೆಜಿ ಆಗುತ್ತೆ, ಅಂದ್ರೆ 41 ಬಾಟಲಿ. ಸಾಮಾನಿನ ಖರ್ಚನ್ನು 41ರಿಂದ ಭಾಗಿಸಿ, ಬಾಟಲಿ ಬೆಲೆ ಸೇರಿಸಿ, ಅದರ ಮೇಲೆ ಅರ್ಧದಷ್ಟು ಇಟ್ಟು ಮಾರುತ್ತೇನೆ. ಎಲ್ಲ ಖಾಲಿಯಾಗುತ್ತೆ, ಆದರೂ ಕೈಯಲ್ಲಿ ಏನೂ ಉಳಿಯಲ್ಲ. ಎಲ್ಲಿ ತಪ್ಪುತ್ತಿದೆ? ಸಣ್ಣ ಆಹಾರ ಘಟಕಗಳ ಲೆಕ್ಕ ನೋಡುವವರು ಯಾರಾದರೂ ಹೇಳಿ.

ಒಬ್ಬ ಸದಸ್ಯರು: ಗ್ಯಾಸು, ವೇಸ್ಟು ಎಲ್ಲಕ್ಕೂ ಸೇರಿಸಿ ನೂರಕ್ಕೆ ಹತ್ತು ಜಾಸ್ತಿ ಹಾಕಿಬಿಡಿ ಅಕ್ಕಾ. ನಾವು ಹಾಗೇ ಮಾಡೋದು.

ಲೆಕ್ಕ ನೋಡುವವರ ಉತ್ತರ: ಮೇಡಂ, ಮೊದಲು ಒಂದು ವಿಷಯ. ಕಳೆದ ಸಲ ದುಡ್ಡು ಕೊಟ್ಟು ತೆಗೆದುಕೊಂಡು ಹೋದ ಬಾಟಲಿ ನಿಜವಾಗಿ ಎಷ್ಟು? 41 ಅಲ್ಲ ಅಂತ ನನಗೆ ಅನುಮಾನ.

ಪ್ರಶ್ನೆ ಕೇಳಿದವರು: ಎಣಿಸಿ ನೋಡಿದೆ. ತುಂಬಿದ್ದು 39. ಒಂದು ರುಚಿ ನೋಡಲು ಕೊಟ್ಟೆ. ಎರಡು ಮುಚ್ಚಳದ ಹತ್ತಿರ ಸೋರಿದವು. ಮಾರಿದ್ದು 36.

ಲೆಕ್ಕ ನೋಡುವವರ ಉತ್ತರ: ಅಲ್ಲೇ ಇದೆ ನೋಡಿ. ಮಾಡಿದ ಖರ್ಚನ್ನೆಲ್ಲ ಈ 36 ಬಾಟಲಿಗಳೇ ಹೊರಬೇಕು. ಉಳಿದ ಐದರಲ್ಲಿ ಎರಡು ಕಾಗದದ ಮೇಲಷ್ಟೇ ಇದ್ದವು. ಪಾತ್ರೆಗೆ ಅಂಟಿದ್ದು ಒಂದಿಷ್ಟು ಹೋಗುತ್ತೆ. ತೂಕ ಕಡಿಮೆ ಬೀಳಬಾರದು ಅಂತ 300ರ ಬದಲು 310 ಗ್ರಾಂ ತುಂಬುತ್ತೀರಿ, ಅದೂ ಹೋಗುತ್ತೆ. 310 ತುಂಬೋದು ಸರಿಯೇ, ಅದನ್ನು ಬಿಡಬೇಡಿ. ಲೆಕ್ಕದಲ್ಲಿ ಬರಬೇಕು ಅಷ್ಟೇ.

ದರ ಒಂದೊಂದು ಕಡೆ ಒಂದೊಂದು. ಹಾಗಾಗಿ ಲೆಕ್ಕ ಕಾಣಲಿ ಅಂತ ದುಂಡು ಅಂಕಿ ಇಟ್ಟಿದ್ದೇನೆ, ಆ ಜಾಗದಲ್ಲಿ ನಿಮ್ಮ ದರ ಹಾಕಿಕೊಳ್ಳಿ. ನಿಂಬೆ ಕೆಜಿಗೆ 60, ಹತ್ತು ಕೆಜಿಗೆ 600. ಆರಿಸುವಾಗ ಬಿಸಾಡಿದ ಮೆತ್ತಗಿನ ಹಣ್ಣಿಗೂ ದುಡ್ಡು ಕೊಟ್ಟಿದ್ದೀರಿ, ಆದ್ದರಿಂದ ತಂದ ಪೂರ್ತಿ ತೂಕವನ್ನೇ ಹಿಡಿಯಬೇಕು. ಉಪ್ಪು, ಖಾರದ ಪುಡಿ, ಸಾಸಿವೆ-ಮೆಂತ್ಯ, ಎಣ್ಣೆ ಸೇರಿ 480. ಸಾಮಾನು ಒಟ್ಟು 1,080. ಬಾಟಲಿ, ಮುಚ್ಚಳ, ಲೇಬಲ್ ಸೇರಿ 20. ಬಿಸಿನೀರಿಂದ ತೆಗೆದ ಬಾಟಲಿಯನ್ನು ತಣ್ಣಗಿನ ಕಲ್ಲಿನ ಮೇಲೆ ಇಟ್ಟಾಗ ಒಂದು ಬಿರುಕು ಬಿಡ್ತು ಅನ್ನಿ, 40 ಬಾಟಲಿಗೆ 800.

ಗ್ಯಾಸಿಗೆ ಅಂದಾಜು ಬೇಡ. ಶುರು ಮಾಡುವ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ ಸಿಲಿಂಡರನ್ನೇ ತೂಗಿ. ದೊಡ್ಡ ಒಲೆ ಜೋರು ಉರಿಯಲ್ಲಿ ಗಂಟೆಗೆ ಸುಮಾರು 150ರಿಂದ 200 ಗ್ರಾಂ ಉರಿಸುತ್ತೆ. ನಿಂಬೆಗೆ ಮಸಾಲೆ ಹುರಿಯೋದು, ಎಣ್ಣೆ ಕಾಯಿಸೋದು ಬೇಗ ಆಗುತ್ತೆ. ಬಾಟಲಿ ಕುದಿಸಲು ನೀರು ಕಾಯಿಸೋದಕ್ಕೇ ಜಾಸ್ತಿ ಖರ್ಚಾಗುತ್ತೆ, ಅದನ್ನು ತುಂಬಾ ಜನ ಮರೆಯುತ್ತಾರೆ. ಎಲ್ಲ ಸೇರಿ 400 ಗ್ರಾಂ, ಕೆಜಿಗೆ 100ರಂತೆ 40.

ಇನ್ನು ಕೆಲಸ. ಹಣ್ಣು ತೊಳೆದು ಒಂದೊಂದನ್ನೂ ಒರೆಸಿ ಆರಿಸಲು ಎಷ್ಟು ಹೊತ್ತು ಹಿಡಿಯಿತು?

ಪ್ರಶ್ನೆ ಕೇಳಿದವರು: ಎರಡು ಗಂಟೆ ಬೇಕೇ ಬೇಕು. ನೀರು ಉಳಿದರೆ ಬೂಷ್ಟು ಬರುತ್ತಲ್ಲ. ಹೆಚ್ಚಿ ಬೀಜ ತೆಗೆಯೋಕೆ ಮೂರು. ಹುರಿದು ಕಲಸೋಕೆ ಒಂದು, ಬಾಟಲಿ ತೊಳೆದು ಕುದಿಸಿ ಒಣಗಿಸೋಕೆ ಒಂದು. ತುಂಬಿ, ಬಾಯಿ ಒರೆಸಿ, ಲೇಬಲ್ ಹಚ್ಚೋಕೆ ಒಂದೂವರೆ. ದಿನಾ ಜಾಡಿ ತೆಗೆದು ಕೈಯಾಡಿಸೋದು ಒಟ್ಟು ಅರ್ಧ ಗಂಟೆ ಇರಬಹುದು. ಆದರೆ ಮೇಡಂ, ಇದೆಲ್ಲ ಮನೆ ಕೆಲಸದ ನಡುವೆ ಮಾಡೋದು. ಇದಕ್ಕೂ ಕೂಲಿ ಹಾಕಬೇಕಾ?

ಲೆಕ್ಕ ನೋಡುವವರ ಉತ್ತರ: ಹಾಕಲೇಬೇಕು. ನೀವು ಹೇಳಿದ್ದು ಕೂಡಿದರೆ 9 ಗಂಟೆ. ಗಂಟೆಗೆ 100ರಂತೆ 900. ಈಗ ಒಟ್ಟು:

```
1080 + 800 + 40 + 900 = 2820
2820 / 36 = 78.3
```

ನೀವು ಹಾಕುತ್ತಿದ್ದ ಲೆಕ್ಕದಲ್ಲಿ ಸಾಮಾನು 26, ಬಾಟಲಿ 20, ಒಟ್ಟು 46. ಅರ್ಧ ಸೇರಿಸಿದರೆ 69ಕ್ಕೆ ಮಾರಾಟ. 36 ಬಾಟಲಿಗೆ 2,484 ಬರುತ್ತೆ. ಅದರಲ್ಲಿ 1,920 ಸಾಮಾನು, ಬಾಟಲಿ, ಗ್ಯಾಸಿಗೆ ಹೋಗುತ್ತೆ. ಉಳಿದ 564ನ್ನು ಲಾಭ ಅಂದುಕೊಳ್ಳುತ್ತೀರಿ. ಅದು ನಿಮ್ಮ 9 ಗಂಟೆಯ ಕೂಲಿ, ಅದೂ ಗಂಟೆಗೆ 63 ಪೂರ್ತಿ ಬೀಳಲ್ಲ. ನಾಳೆ ಈ ಕೆಲಸಕ್ಕೆಲ್ಲ ಒಬ್ಬರನ್ನು ಕರೆದರೆ ಅವರಿಗೆ ಗಂಟೆಗೆ 100 ಕೊಡಬೇಕು, ಅಲ್ವಾ? ಆಗ ಪ್ರತಿ ಬಾಟಲಿಗೂ ನೀವೇ ಕೈಯಿಂದ ಹಾಕಬೇಕಾಗುತ್ತೆ.

ನೂರಕ್ಕೆ ಹತ್ತು ಅಂದ ಅಣ್ಣನಿಗೆ: ವೇಸ್ಟನ್ನು ಲೆಕ್ಕಕ್ಕೆ ತಂದಿದ್ದು ಒಳ್ಳೆಯದೇ. ಆದರೆ ಇಲ್ಲಿ 41ಕ್ಕೆ 5 ಹೋಗಿದೆ, ಅಂದರೆ ನೂರಕ್ಕೆ 12. ನೂರಕ್ಕೆ 12 ಹೋದರೆ ಮೇಲೆ 12 ಸೇರಿಸಿದರೂ ಸಾಲದು. ನೂರರ ಖರ್ಚನ್ನು 88 ಹೊರಬೇಕು, ಅದು ಸುಮಾರು 113.6 ಆಗುತ್ತೆ. ಜೊತೆಗೆ ಯಾವ ಹಂತದಲ್ಲಿ ಹಾಳಾಯಿತು ಅನ್ನೋದೂ ಮುಖ್ಯ. ಆರಿಸುವಾಗ 800 ಗ್ರಾಂ ಹಣ್ಣು ಬಿಸಾಡಿದರೆ ಹೋಗೋದು 48. ತುಂಬಿದ ಒಂದು ಬಾಟಲಿ ಸೋರಿದರೆ ಹಣ್ಣು, ಎಣ್ಣೆ, ಬಾಟಲಿ, ಲೇಬಲ್, ನಿಮ್ಮ ಹೊತ್ತು ಎಲ್ಲ ಸೇರಿ 72 ಹೋಗುತ್ತೆ. ರಾಶಿ ಕೊಳೆತ ಹಣ್ಣು ಕಂಡರೆ ಹೊಟ್ಟೆ ಉರಿಯುತ್ತೆ. ಒಂದು ಮುಚ್ಚಳ ಸೋರಿದರೆ ಒರೆಸಿ ಸುಮ್ನಾಗುತ್ತೇವೆ. ತುಂಬಿದ ಮೇಲೆ ಬಾಟಲಿಗಳನ್ನು ಒಂದು ರಾತ್ರಿ ಕಾಗದದ ಮೇಲೆ ತಲೆಕೆಳಗಾಗಿ ಇಡಿ. ಬೆಳಿಗ್ಗೆ ಎಣ್ಣೆ ಕಲೆ ಕಂಡದ್ದಕ್ಕೆ ಮುಚ್ಚಳ ಬದಲಿಸಿ. ಲೇಬಲ್ ಆಮೇಲೆ ಹಚ್ಚಿ.

ಇನ್ನೊಬ್ಬ ಸದಸ್ಯರು: ನಾನು ಟೊಮೆಟೊ ಉಪ್ಪಿನಕಾಯಿ ಮಾಡೋದು. ಕುದಿಸಿ ಕುದಿಸಿ ಅರ್ಧಕ್ಕಿಂತ ಕಡಿಮೆ ಆಗುತ್ತೆ. ಅಷ್ಟೂ ವೇಸ್ಟ್ ಅಂತ ಬರೆಯಬೇಕಾ? ಕೆಡದೇ ಇರಲು ಏನು ಹಾಕಬೇಕು ಅಂತಲೂ ಹೇಳಿ.

ಲೆಕ್ಕ ನೋಡುವವರ ಉತ್ತರ: ಆರಿದ ನೀರು ವೇಸ್ಟ್ ಅಲ್ಲ ಅಕ್ಕಾ, ಅದು ಆರಲೇಬೇಕು. ಹಸಿ ತೂಕದಿಂದ ಬಾಟಲಿ ಎಣಿಸಬೇಡಿ. ಒಲೆಯಿಂದ ಇಳಿಸಿ ಆರಿದ ಮೇಲೆ ತೂಗಿ. ನಿಮ್ಮದರಲ್ಲಿ ಗ್ಯಾಸಿನ ಪಾಲು ನಿಂಬೆಗಿಂತ ಎಷ್ಟೋ ದೊಡ್ಡದು. ಒಲೆ ಪಕ್ಕ ನಿಂತು ಕೈಯಾಡಿಸುವ ಗಂಟೆಗಳೂ ಹಾಗೇ, ಅವನ್ನೂ ಬರೆದುಕೊಳ್ಳಿ. ಕೆಡದಿರೋ ವಿಷಯ ನನ್ನ ಕೆಲಸಕ್ಕೆ ಸೇರಿದ್ದಲ್ಲ. ಅದನ್ನು ಆಹಾರ ತಂತ್ರಜ್ಞಾನ ಓದಿದವರನ್ನು ಕೇಳಿ.

ಪ್ರಶ್ನೆ ಕೇಳಿದವರು: ಹಾಗಾದರೆ 78ರಲ್ಲಿ ಮೊದಲು ಯಾವುದನ್ನು ಇಳಿಸಲಿ? ಕಡಿಮೆ ಬೆಲೆಯ ಎಣ್ಣೆ ಹಾಕಲಾ?

ಲೆಕ್ಕ ನೋಡುವವರ ಉತ್ತರ: ಎಣ್ಣೆ ಮುಟ್ಟಬೇಡಿ, ರುಚಿ ಕೆಡುತ್ತೆ. 78ರಲ್ಲಿ ಸಾಮಾನು 30, ಕೆಲಸ 25, ಬಾಟಲಿ 22, ಗ್ಯಾಸು 1 ಚಿಲ್ಲರೆ. ನಾನಾದರೆ ಕೆಲಸದಿಂದ ಶುರು ಮಾಡುತ್ತೇನೆ. 20 ಕೆಜಿ ಒಟ್ಟಿಗೆ ಮಾಡಿದರೆ ಹೆಚ್ಚುವ ಹೊತ್ತು ಎರಡರಷ್ಟಾಗುತ್ತೆ. ಆದರೆ ಹುರಿಯೋದು, ನೀರು ಕಾಯಿಸೋದು, ಜಾಡಿ ಕೈಯಾಡಿಸೋದು ಅಷ್ಟು ಏರಲ್ಲ. ಹಾಗಂತ 72 ಬಾಟಲಿಗೆ ಗಿರಾಕಿ ಇಲ್ಲದಿದ್ದರೆ ಮಾಡಬೇಡಿ. ಮಾರದೆ ಉಳಿದದ್ದೂ ಸೋರಿದ ಬಾಟಲಿಯ ಲೆಕ್ಕಕ್ಕೇ ಸೇರುತ್ತೆ.

ಮೊದಲು ಬರೆದ ಸದಸ್ಯರು: ಗಂಟೆಗೆ ನೂರು ಅಂತ ಹೇಗೆ ನಿರ್ಧಾರ ಮಾಡಿದಿರಿ? ಅವರು ಹೊರಗೆ ಕೆಲಸಕ್ಕೆ ಹೋದರೆ ಇನ್ನೂ ಜಾಸ್ತಿ ಸಿಗಬಹುದು.

ಲೆಕ್ಕ ನೋಡುವವರ ಉತ್ತರ: ಒಳ್ಳೇ ಪ್ರಶ್ನೆ ಕೇಳಿದಿರಿ ಅಣ್ಣಾ. ನಾನು ಈ ಕೆಲಸಕ್ಕೆ ಬೇರೆಯವರನ್ನು ಇಟ್ಟುಕೊಂಡರೆ ಕೊಡಬೇಕಾದ ಕೂಲಿ ಹಿಡಿಯುತ್ತೇನೆ. ಅವರು ಹೊರಗೆ ದುಡಿದರೆ ಸಿಗುವಷ್ಟು ಹಿಡಿಯಬೇಕು ಅನ್ನುವವರೂ ನಮ್ಮಲ್ಲೇ ಇದ್ದಾರೆ. ಹಾಗೆ ಹಿಡಿದರೆ ಅಸಲು ಇನ್ನೂ ಮೇಲೆ ಹೋಗುತ್ತೆ.

ಪ್ರಶ್ನೆ ಕೇಳಿದವರು: ಸಂತೆಗೆ ಹೋಗಿ ಬರುವ ಹೊತ್ತು ಈ 9 ಗಂಟೆಯಲ್ಲಿ ಇಲ್ಲ ಮೇಡಂ. ಆದರೆ ಮನೆಗೆ ತರಕಾರಿನೂ ಆಗಲೇ ತರುತ್ತೇನೆ. ಅದನ್ನು ಹೇಗೆ ಹಂಚಲಿ?

ಲೆಕ್ಕ ನೋಡುವವರ ಉತ್ತರ: ನಿಂಬೆ ಇಲ್ಲದಿದ್ದರೂ ಅವತ್ತು ಹೋಗುತ್ತಿದ್ದಿರಾ? ಹೌದಾದರೆ ಹಣ್ಣು ಆರಿಸಲು ಹಿಡಿದ ಹೊತ್ತಷ್ಟೇ ಸೇರಿಸಿ. ಇಲ್ಲವಾದರೆ ಪೂರ್ತಿ ಹಾಕಿ.