ಪದಚರ್ಚೆ: ‘ಪ್ರತಿಕೂಲ ಕಬ್ಜಾ’ ಎಂಬುದಕ್ಕೆ ‘ದೀರ್ಘಕಾಲದ ಅನುಭವ’ ಎಂದರೆ ಸಾಕೇ?

ಹಡಪ್ಸರ, ಪುಣೆಯಿಂದ:
ಮಾನ್ಯರೇ, ಇಲ್ಲಿಯ ಜಾಗವೊಂದರ ದಾವೆಯ ಮರಾಠಿ ಕಾಗದಗಳನ್ನು ಧಾರವಾಡದಲ್ಲಿರುವ ನಮ್ಮ ಸೋದರಮಾವನವರಿಗಾಗಿ ಕನ್ನಡಕ್ಕೆ ತರುತ್ತಿದ್ದೇನೆ. ಜಾಗ ಮಾವನವರದು. ನೋಡಿಕೊಂಡಿರಲಿ ಎಂದು 1988ರಲ್ಲಿ ಪರಿಚಯದವರೊಬ್ಬರನ್ನು ಬಾಡಿಗೆಯಿಲ್ಲದೆ ಅಲ್ಲಿ ಇರಗೊಟ್ಟಿದ್ದರು. 2011ರಲ್ಲಿ ಬಿಟ್ಟುಕೊಡಲು ಕೇಳಿದಾಗ, ‘ಜಾಗ ನನ್ನದು, ನಿಮಗೆ ಹಕ್ಕಿಲ್ಲ’ ಎಂಬ ಉತ್ತರ ರಿಜಿಸ್ಟರ್ಡ್ ಅಂಚೆಯಲ್ಲಿ ಬಂತು. 2021ರಲ್ಲಿ ಮಾವ ದಾವೆ ಹೂಡಿದರು. ಎದುರು ಪಕ್ಷದ ಲಿಖಿತ ಹೇಳಿಕೆಯಲ್ಲಿ ‘ಪ್ರತಿಕೂಲ ಕಬ್ಜಾ’ ಎಂದಿದೆ. ಅದನ್ನು ‘ದೀರ್ಘಕಾಲದ ಅನುಭವ’ ಎಂದು ಬರೆಯಬಹುದೇ?

ಡೊಂಬಿವಲಿಯಿಂದ:
ಧಾರಾಳವಾಗಿ ಬರೆಯಬಹುದು. ಹನ್ನೆರಡು ವರ್ಷ ಅನುಭವಿಸಿದವನದೇ ಭೂಮಿ ಎಂದು ಕಾನೂನಿದೆ. ಈ ಪ್ರಕರಣದಲ್ಲಿ ಮೂವತ್ತು ವರ್ಷ ಮೀರಿರುವುದರಿಂದ ತಮ್ಮ ಮಾವನವರಿಗೆ ಕಷ್ಟವೇ ಸರಿ.

ಮಡಗಾಂವಿಯಿಂದ:
ಹಾಗಾದರೆ ನನ್ನ ಗತಿಯೇನು? ಶಿರಸಿಯ ಪಿತ್ರಾರ್ಜಿತ ಅಡಿಕೆ ತೋಟವನ್ನು ಇಪ್ಪತ್ತು ವರ್ಷಗಳಿಂದ ಅಣ್ಣನೊಬ್ಬನೇ ನೋಡಿಕೊಳ್ಳುತ್ತಿದ್ದಾನೆ, ಕಂದಾಯವನ್ನೂ ಅವನೇ ಕಟ್ಟುತ್ತಾನೆ. ನನ್ನ ಪಾಲು ಹೋಯಿತೇ?

ಮಾಟುಂಗಾ, ಮುಂಬೈಯಿಂದ:
ಡೊಂಬಿವಲಿಯವರು ಹೇಳಿದ ಹನ್ನೆರಡು ವರ್ಷದ ಅವಧಿ 1963ರ ಕಾಲಮಿತಿ ಕಾಯ್ದೆಯಲ್ಲಿ ಇರುವುದು ನಿಜ. ಸರ್ಕಾರದ ಜಾಗವಾದರೆ ಅದು ಮೂವತ್ತು ವರ್ಷ. ಆದರೆ ಎಣಿಕೆ ಶುರುವಾಗುವುದು ಕಾಲಿಟ್ಟ ದಿನದಿಂದಲ್ಲ, ಸ್ವಾಧೀನವು ಮಾಲೀಕನ ಹಕ್ಕಿಗೆ ಎದುರಾಗಿ, ಅವನಿಗೆ ತಿಳಿಯುವಷ್ಟು ಬಹಿರಂಗವಾಗಿ ನಿಂತ ದಿನದಿಂದ. ಆದ್ದರಿಂದ ‘ದೀರ್ಘಕಾಲದ ಅನುಭವ’ ಎಂದು ಬರೆದರೆ ವಾದದ ಜೀವವೇ ಬಿಟ್ಟುಹೋಗುತ್ತದೆ. ‘ಪ್ರತಿಕೂಲ ಸ್ವಾಧೀನ’ ಎಂದೇ ಇರಲಿ.

ಅನುಮತಿಯಿಂದ ಇದ್ದವನು ಎಷ್ಟು ವರ್ಷ ಇದ್ದರೂ ಅದು ಮಾಲೀಕನ ಕೃಪೆಯ ವಾಸವೇ, ಹಾಗಾಗಿ 1988ರಿಂದ 2011ರವರೆಗಿನ ವರ್ಷಗಳು ಲೆಕ್ಕಕ್ಕೆ ಬರುವುದಿಲ್ಲ. ಆ ಪತ್ರವನ್ನೇ ಆರಂಭವೆಂದು ಹಿಡಿದರೂ ಅವಧಿ ತುಂಬುವುದು 2023ರಲ್ಲಿ. ದಾವೆ ಅದಕ್ಕೆ ಮುಂಚೆಯೇ ಬಂದಿದೆ. ಮಾವನವರು 2024ರವರೆಗೆ ಸುಮ್ಮನಿದ್ದಿದ್ದರೆ ಅವರ ಹಕ್ಕೇ ನಶಿಸಿತೆಂದು ವಾದಿಸಲು ಎದುರಿನವರಿಗೆ ಗಟ್ಟಿ ಆಧಾರವಿರುತ್ತಿತ್ತು. ಇಂಥ ದಾವೆಗಳಲ್ಲಿ ನಾನು ಮೊದಲು ಹುಡುಕುವುದು ಆರಂಭದ ದಿನಾಂಕವನ್ನು. ಅದನ್ನು ಹೇಳದೆ ‘ಬಹಳ ವರ್ಷಗಳಿಂದ’ ಎಂದಷ್ಟೇ ಬರೆದ ವಾದ ಸಾಮಾನ್ಯವಾಗಿ ಬಿದ್ದುಹೋಗುತ್ತದೆ.

ಮಡಗಾಂವಿಯವರು ಸದ್ಯಕ್ಕೆ ಹೆದರಬೇಕಾಗಿಲ್ಲ. ಒಬ್ಬ ಪಾಲುದಾರನ ಸ್ವಾಧೀನವನ್ನು ಎಲ್ಲರ ಪರವಾದದ್ದೆಂದೇ ಭಾವಿಸುತ್ತಾರೆ. ಕಂದಾಯದ ರಸೀದಿಯೊಂದರಿಂದಲೇ ಅದು ಬದಲಾಗದು. ನಿಮಗೆ ಪಾಲಿಲ್ಲವೆಂದು ಅಣ್ಣನವರು ನಿಮಗೆ ತಿಳಿಯುವಂತೆ ಎಂದಾದರೂ ಸಾರಿದ್ದಾರೆಯೇ ಎಂಬುದೇ ಮುಖ್ಯ.

ಡೊಂಬಿವಲಿಯಿಂದ:
ಹಾಗಿದ್ದರೆ 2011ಕ್ಕೆ ಮುಂಚೆಯೇ ಅವರು ಬೇಲಿ ಹಾಕಿ, ಮಾಲೀಕರನ್ನು ಒಳಗೆ ಬಿಡದೆ ಇದ್ದಿದ್ದರೆ?

ಮಾಟುಂಗಾ, ಮುಂಬೈಯಿಂದ:
ಆಗ ಎಣಿಕೆ ಹಿಂದಕ್ಕೆ ಸರಿಯಬಹುದು, ಆದರೆ ಸಾಬೀತುಪಡಿಸುವ ಹೊಣೆ ಅವರದೇ.

ಹಡಪ್ಸರ, ಪುಣೆಯಿಂದ:
ಬೇಲಿಯ ಮಾತು ಆ ಹೇಳಿಕೆಯಲ್ಲಿ ಇದೆ, ವರ್ಷ ಮಾತ್ರ ಬರೆದಿಲ್ಲ. ಮಾವನವರನ್ನು ಕೇಳುತ್ತೇನೆ.